ಎರಡನೆಯ ಉತ್ತರ

ಮೂರನೆಯ ತರಗತಿಯ ಮಕ್ಕಳಿಗೆ ‘ಬಿಟ್ಟ ಸ್ಥಳ ತುಂಬಿರಿ’ ಬರೆಯುವುದು ಹೆದರುವಂಥ ಕೆಲಸವೇನಲ್ಲ ಎಂದು ಅದನ್ನು ಎಂದೂ ಬರೆಯದವರು ಹೇಳುತ್ತಾರೆ. ಒಂದು ವಾಕ್ಯ ಬರೆ, ಒಂದು ಪದ ತೆಗೆ, ಆ ಜಾಗದಲ್ಲಿ ಗೆರೆ ಎಳೆ, ಮುಗಿಯಿತು. ನನ್ನ ಗಂಡನೂ ಹಾಗೇ ಅನ್ನುತ್ತಿದ್ದರು. ನಾನು ಮಾತ್ರ ಆ ಗೆರೆ ಎಳೆಯುವ ಮೊದಲು ವಾಕ್ಯವನ್ನು ನಾಲ್ಕು ಸಲ ಓದುತ್ತಿದ್ದೆ. ನಾನು ಮೊದಲಿನಿಂದಲೂ ಅಂಜುಬುರುಕಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಬರುವ ಜಾತಿ ನನ್ನದು.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ನಾನು ಕಲಿಸುವ ಸರಕಾರಿ ಶಾಲೆ ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅದರ ಮೇಲೆ ಕೆಲವು ವರ್ಷಗಳಿಂದ ಇನ್ನೊಂದು ಜವಾಬ್ದಾರಿ ಹೆಗಲೇರಿತ್ತು. ಸುತ್ತಲಿನ ಶಾಲೆಗಳಿಗೆಲ್ಲ ಒಂದೇ ಕನ್ನಡ ಪ್ರಶ್ನೆಪತ್ರಿಕೆ ತಯಾರಿಸುವ ಗುಂಪಿನಲ್ಲಿ ನನ್ನನ್ನು ಹಾಕಿದ್ದರು. ಇಳಕಲ್‌ನಲ್ಲಿ ಕಾರ್ಯಾಗಾರ ನಡೆಯುತ್ತಿತ್ತು. ನನ್ನ ಪಾಲಿಗೆ ಬಂದದ್ದು ಬಿಟ್ಟ ಸ್ಥಳಗಳು. ಪಾಠದ ಪ್ರಶ್ನೆಗಳನ್ನು, ಒಗಟುಗಳನ್ನು ಬೇರೆಯವರು ಮೊದಲೇ ಹಂಚಿಕೊಂಡಿದ್ದರು.

ಅಲ್ಲಿ ಇದ್ದ ನಿಯಮ ಒಂದೇ. ಖಾಲಿ ಜಾಗಕ್ಕೆ ಸರಿಯಾದ ಉತ್ತರ ಒಂದಿರಬೇಕು, ಎರಡನೆಯದು ಇರಕೂಡದು. ಉತ್ತರಪತ್ರಿಕೆ ತಿದ್ದುವವರು ಬೇರೆ ಶಾಲೆಯ ಶಿಕ್ಷಕರು. ಅವರ ಕೈಯಲ್ಲಿ ನಾವು ಕೊಟ್ಟ ಉತ್ತರಗಳ ಹಾಳೆ ಇರುತ್ತದೆ. ಹಾಳೆಯಲ್ಲಿ ಇಲ್ಲದ್ದನ್ನು ಮಗು ಬರೆದರೆ ಕೆಂಪು ಗೀಟು. ತಿದ್ದುವವರದೂ ತಪ್ಪಲ್ಲ, ಕಟ್ಟುಗಟ್ಟಲೆ ಹಾಳೆ ಮುಂದಿಟ್ಟುಕೊಂಡು ಅವರು ಒಂದೊಂದಕ್ಕೂ ಯೋಚಿಸುತ್ತ ಕೂಡಲಾರರು. ಯೋಚಿಸಬೇಕಾದವರು ನಾವು.

ನಾನು ಗುಂಪಿಗೆ ಸೇರುವ ಮೊದಲು ನನ್ನ ತರಗತಿಯಲ್ಲೇ ಒಂದು ಪ್ರಸಂಗ ನಡೆದಿತ್ತು. ‘ಮಳೆ ಬರುತ್ತಿದೆ, ____ ಹಿಡಿದುಕೊಂಡು ಹೋಗು’ ಎಂಬ ವಾಕ್ಯಕ್ಕೆ ಉತ್ತರದ ಹಾಳೆಯಲ್ಲಿ ‘ಕೊಡೆ’ ಎಂದಿತ್ತು. ನಮ್ಮ ಹುಡುಗಿಯೊಬ್ಬಳು ‘ಛತ್ರಿ’ ಎಂದು ದುಂಡಗೆ ಬರೆದು ಸೊನ್ನೆ ತೆಗೆದುಕೊಂಡು ಬಂದಳು. “ಟೀಚರ್, ನಮ್ಮನ್ಯಾಗ ಛತ್ರಿನ ಐತ್ರಿ. ಕೊಡೆ ಇಲ್ರಿ,” ಎಂದಳು. ಅವಳು ಅಳಲಿಲ್ಲ. ತನ್ನ ಮನೆಯಲ್ಲಿ ಇರಬೇಕಾದ್ದು ಇಲ್ಲವಲ್ಲ ಎಂಬ ಮುಖ ಮಾಡಿಕೊಂಡು ಹೋಗಿ ಕೂತಳು. ಆ ಮುಖ ನೋಡಿದ ಮೇಲೆ, ಯಾವುದೋ ಊರಿನ ಯಾವುದೋ ಮಗು ನನ್ನ ಗೆರೆಯ ಮೇಲೆ ಸರಿಯಾದದ್ದನ್ನೇ ಬರೆದು ಹಾಗೆ ಹೋಗಿ ಕೂತೀತು ಎಂಬ ಅಂಜಿಕೆ ನನ್ನನ್ನು ಬಿಟ್ಟಿಲ್ಲ.

ಈ ಅಂಜಿಕೆಗೆ ನನ್ನ ಬಳಿ ಒಂದು ಮದ್ದಿತ್ತು. ನನ್ನ ಅಪ್ಪ.

ಅಪ್ಪ ಬಾದಾಮಿ ತಾಲೂಕಿನ ಶಾಲೆಗಳಲ್ಲಿ ಕನ್ನಡ ಕಲಿಸಿ, ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಅವ್ವ ತೀರಿಕೊಂಡ ಮೇಲೆ ನಮ್ಮೊಂದಿಗೆ ನವನಗರದಲ್ಲೇ ಇದ್ದರು. ಬೆಳಗ್ಗೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಪೇಪರನ್ನು ಕೊನೆಯ ಪುಟದಿಂದ ಓದುತ್ತ ಕೂಡುತ್ತಿದ್ದರು. ಯಾರು ಏನೇ ಹೇಳಿದರೂ ಅದಕ್ಕೊಂದು ಎದುರು ಮಾತು ಹುಡುಕುವುದು ಅವರ ಸ್ವಭಾವ. ಈ ಚಾಳಿಯಿಂದ ಅವ್ವ ಬದುಕಿಡೀ ರೋಸಿಹೋಗಿದ್ದಳು. ಬಿಟ್ಟ ಸ್ಥಳ ಬರೆಯುವವಳಿಗೆ ಮಾತ್ರ ಅದಕ್ಕಿಂತ ದೊಡ್ಡ ವರ ಬೇಡ.

ಗೆರೆ ಇದ್ದಲ್ಲಿ ‘ಖಾಲಿ’ ಎನ್ನುತ್ತ ನಾನು ವಾಕ್ಯ ಓದುತ್ತಿದ್ದೆ, ಅವರು ಕೆಡವುತ್ತಿದ್ದರು.

“ಹಸು ಖಾಲಿ ಕೊಡುತ್ತದೆ.”

“ಹಾಲು.”

“ಆತಲ್ರಿ ಮತ್ತ. ಒಂದ ಉತ್ತರ.”

“ಒದಿ ಕೊಡೂದಿಲ್ಲೇನು? ನೀ ಸಣ್ಣಾಕಿ ಇದ್ದಾಗ ನಿನಗ ಕೊಟ್ಟಿತ್ತಲ್ಲ, ಮರತಿಯೇನು? ಸಗಣಿ ಕೊಡತೈತಿ. ಕರಾ ಕೊಡತೈತಿ. ಇದನ್ನ ಒಯ್ದ ಒಲಿಗೆ ಹಾಕು.”

ನಾನು ಸಿಟ್ಟಿನಿಂದ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದು ಮತ್ತೆ ಕೂಡುತ್ತಿದ್ದೆ. ‘ಅಜ್ಜಿ ಚರಿಗೆ ಹಿಡಿದು ಹಸುವಿನ ಕೆಚ್ಚಲ ಬಳಿ ಕೂತು ____ ಕರೆದಳು’ ಎಂದು ತಿದ್ದುತ್ತಿದ್ದೆ. ಈಗ ಗೆರೆಯ ಹಿಂದೆಯೂ ಸುಳಿವು, ಮುಂದೆಯೂ ಸುಳಿವು. ಹಾಲಲ್ಲದೆ ಬೇರೆ ಪದ ಅಲ್ಲಿ ನಿಲ್ಲದು. ಅಪ್ಪ ತಲೆಯಾಡಿಸಿ, “ನಿಂತತಿ. ಆದರ ನವನಗರದ ಹುಡುಗೂರಿಗೆ ಕೆಚ್ಚಲ ಅಂದ್ರ ಏನಂತ ಗೊತ್ತೈತಿ ಅಂತೀಯೇನು? ಅವರಿಗೆ ಹಾಲು ಪಾಕೀಟಿನ್ಯಾಗ ಹುಟ್ಟತೈತಿ,” ಎಂದು ಮತ್ತೊಂದು ತೊಡಕು ಇಡುತ್ತಿದ್ದರು.

ಒಮ್ಮೆ ‘ಬಾದಾಮಿಯ ಗುಡ್ಡದಲ್ಲಿ ____ ಇವೆ’ ಎಂದು ಬರೆದು, ಇದಕ್ಕೆ ಗುಹೆ ಬಿಟ್ಟು ಬೇರೇನು ಬಂದೀತು ಎಂದು ಹೆಮ್ಮೆಯಿಂದ ಓದಿದೆ. “ಮಂಗ್ಯಾ,” ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ. ಎಷ್ಟು ನಕ್ಕೆವೆಂದರೆ ಗಂಡ ಒಳಗಿನಿಂದ ಬಂದು ನೋಡಿದರು. ಬಾದಾಮಿಯ ಮಗುವಿಗೆ ಗುಹೆಗಿಂತ ಮೊದಲು ಕಾಣುವುದು ಕೈಯಲ್ಲಿದ್ದ ಬಾಳೆಹಣ್ಣು ಕಸಿಯುವ ಮಂಗವೇ.

ತಪ್ಪಿಸಿಕೊಳ್ಳಲು ನಾನೊಂದು ಅಡ್ಡದಾರಿಯನ್ನೂ ಹಿಡಿದಿದ್ದೆ. ‘ಒಂದು ವಾರಕ್ಕೆ ____ ದಿನಗಳು’ ಎಂದು ಬರೆದರೆ ಜಗಳವೇ ಇಲ್ಲವಲ್ಲ. ಅಪ್ಪನಿಗೆ ಅದು ಆಗಿಬರಲಿಲ್ಲ. “ಇದು ಲೆಕ್ಕ. ಭಾಷೆ ಅಲ್ಲ. ಕೂಸಿಗೆ ವಾಕ್ಯ ಓದಿ ಪದ ಹೊಳೀಬೇಕು, ಯವ್ವಾ. ಗೊತ್ತಿದ್ದದ್ದನ್ನ ಒದರೂದಲ್ಲ,” ಎಂದಿದ್ದರು. ವಾಕ್ಯವೇ ಕೈಹಿಡಿದು ಪದದ ಹತ್ತಿರ ಕರೆದುಕೊಂಡು ಹೋಗಬೇಕು, ಬೇರೆ ಯಾವ ಪದದ ಹತ್ತಿರಕ್ಕೂ ಬಿಡಬಾರದು. ಈ ಕಸುಬಿನಲ್ಲಿ ನನಗೆ ಬರುವುದೆಲ್ಲ ಇಷ್ಟೇ, ಅದನ್ನೂ ಕಲಿಸಿದವರು ಅವರು.

ಹೀಗೆ ಅವರು ಕೆಡವಿ ಉಳಿದ ವಾಕ್ಯಗಳನ್ನು ಹೊತ್ತುಕೊಂಡು ನಾನು ಇಳಕಲ್‌ಗೆ ಹೋಗುತ್ತಿದ್ದೆ. ಕಾರ್ಯಾಗಾರದಲ್ಲಿ ಬರೆದವರೇ ಎದ್ದು ನಿಂತು ವಾಕ್ಯ ಓದಬೇಕು. ಗೆರೆ ಬಂದಲ್ಲಿ ಬೆರಳಿನಿಂದ ಮೇಜು ತಟ್ಟಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು, ‘ನನ್ನ ಅರ್ಥ ಹಾಗಲ್ಲ’ ಎಂದು ವಿವರಿಸುವಂತಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ಮಗುವಿನ ಪಕ್ಕ ಕೂತು ವಿವರಿಸಲು ನಾವಿರುವುದಿಲ್ಲ. ಕೂತವರು ತೋಚಿದ ಪದಗಳನ್ನೆಲ್ಲ ಎಸೆಯುತ್ತಾರೆ. ಎರಡು ಪದ ನಿಂತರೆ ವಾಕ್ಯ ಬಿತ್ತು. ಕಾರ್ಯಾಗಾರ ನಡೆಸುವ ಮೇಡಂ ಮಾತಿನಲ್ಲಿ ಮೃದು, ಅಡ್ಡಗೆರೆ ಎಳೆಯುವಾಗ ಮಾತ್ರ ಪೆನ್ನನ್ನು ಹಾಳೆ ಹರಿಯುವಂತೆ ಒತ್ತುತ್ತಿದ್ದರು. ಅಲ್ಲಿ ಬೇರೆಯವರ ವಾಕ್ಯಗಳು ದಡದಡ ಬೀಳುತ್ತಿದ್ದವು, ನನ್ನವು ನಿಲ್ಲುತ್ತಿದ್ದವು. ಎಲ್ಲರೂ ನನ್ನನ್ನು ಜಾಣೆ ಎಂದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಆ ಸಲದ ಕಾರ್ಯಾಗಾರಕ್ಕೆ ಮುಂಚೆ ನನಗೆ ಪುರುಸೊತ್ತೇ ಆಗಲಿಲ್ಲ. ಶಾಲೆಯಲ್ಲಿ ಜೊತೆಯ ಶಿಕ್ಷಕಿ ಹೆರಿಗೆ ರಜೆಯ ಮೇಲೆ ಹೋಗಿ ಎರಡು ತರಗತಿ ನನ್ನ ಕೊರಳಿಗೆ ಬಿದ್ದಿದ್ದವು. ವಾಕ್ಯಗಳನ್ನು ಬಸ್ಸಿನಲ್ಲಿ ಕೂತು ಗೀಚಿದೆ. ಒಳಗೊಳಗೇ ಗೊತ್ತಿತ್ತು, ಇವು ಹಸಿಬಿಸಿ ಇವೆ ಎಂದು. ಇರಲಿ, ಅಪ್ಪ ಇದ್ದಾರಲ್ಲ, ಕೆಡವಿದ ಮೇಲೆ ತಿದ್ದಿದರಾಯಿತು ಎಂದುಕೊಂಡೆ.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ಅವರ ಮುಂದೆ ಕೂತೆ.

“ರೈತ ಹೊಲದಲ್ಲಿ ಬೀಜ ಖಾಲಿ.”

“ಬಿತ್ತಿದ,” ಎಂದರು.

ನಾನು ಕಾದೆ. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು.

“ಕತ್ತಲೆಯಾಯಿತು, ಅಜ್ಜಿ ದೀಪ ಖಾಲಿ.”

“ಹಚ್ಚಿದಳು.”

“ಮಗು ಬಿದ್ದು ಜೋರಾಗಿ ಖಾಲಿ.”

“ಅತ್ತಿತು.”

ಪಟಪಟನೆ ಹೇಳಿದರು. ಒಂದಕ್ಕೂ ತೊಡಕು ತೆಗೆಯಲಿಲ್ಲ. ಕೊನೆಗೆ ನಾನೇ ಕೇಳಿದೆ, “ಬ್ಯಾರೆ ಏನೂ ಬರೂದಿಲ್ಲೇನ್ರಿ ಅಪ್ಪಾ?”

“ಬರೂದಿಲ್ಲ. ಛೊಲೊ ಅದಾವು,” ಎಂದರು.

ನನಗಾದ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಬದುಕಿನಲ್ಲಿ ಮೊದಲ ಸಲ ಅಪ್ಪನ ಕೈಯಿಂದ ಪೂರ್ತಿ ಅಂಕ ಬಂದಿತ್ತು! ಕೈ ಪಳಗಿತು, ಇನ್ನು ನಾನೂ ಕಸುಬುದಾರಳಾದೆ ಎಂದು ಹಿಗ್ಗಿ, ಅವತ್ತು ಸಂಜೆ ಮಾದಲಿಯ ಸಿಹಿ ಮಾಡಿ ಎಲ್ಲರಿಗೂ ಬಡಿಸಿದೆ. ಅಪ್ಪ ತಟ್ಟೆಯ ಕಡೆ ಬೆರಳು ಮಾಡಿ, “ಇದು... ಇನ್ನೊಂದಿಷ್ಟು ಹಾಕು,” ಎಂದರು. ಹಾಕಿದೆ. ಅವರು ಇತ್ತೀಚೆಗೆ ‘ಇದು’, ‘ಅದು’, ‘ಅಂಥಾದ್ದು’ ಎನ್ನುವುದು ಹೆಚ್ಚಾಗಿದೆ ಎಂಬುದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಇಳಕಲ್‌ನಲ್ಲಿ ನನ್ನ ಸರದಿ ಬಂದಾಗ ಗತ್ತಿನಿಂದಲೇ ಎದ್ದು ನಿಂತೆ. ‘ರೈತ ಹೊಲದಲ್ಲಿ ಬೀಜ’ ಎಂದು ಓದಿ ಮೇಜು ತಟ್ಟಿದೆ.

“ಬಿತ್ತಿದ,” ಎಂದರು ಮುಂದಿನ ಸಾಲಿನವರು.

“ಹಾಕಿದ,” ಎಂದರು ಇನ್ನೊಬ್ಬರು.

“ಊರಿದ ಅಂತಾರ್ರಿ ನಮ್ಮ ಕಡೆ. ಶೇಂಗಾ ಊರತಾರ ಅಲ್ರಿ.”

ಮೇಡಂ ಪೆನ್ನು ಎತ್ತಿ ಅಡ್ಡಗೆರೆ ಎಳೆದರು. ಇರಲಿ, ಒಂದು ಹೋಯಿತು. ‘ಅಜ್ಜಿ ದೀಪ’ ಎಂದು ತಟ್ಟಿದೆ. ಹಚ್ಚಿದಳು, ಬೆಳಗಿದಳು, ತಂದಳು. ಅಡ್ಡಗೆರೆ. ‘ಮಗು ಬಿದ್ದು ಜೋರಾಗಿ’ ಎಂದು ತಟ್ಟಿದೆ. ಅತ್ತಿತು, ಚೀರಿತು, ಕೂಗಿತು. ಅಡ್ಡಗೆರೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಡಂ ತಲೆ ಎತ್ತಿ, “ಇವತ್ತ್ ಏನಾಗೇತ್ರಿ ನಿಮಗ?” ಎಂದು ಕೇಳಿದರು, ಮೆತ್ತಗೆ.

ನನಗೇನೂ ಆಗಿರಲಿಲ್ಲ. ಅದು ಆ ಹೊತ್ತಿಗೆ ಹೊಳೆಯಿತು. ನಾನು ಮೊದಲಿನಿಂದಲೂ ಇಂಥವನ್ನೇ ಬರೆಯುತ್ತಿದ್ದವಳು. ಆದರೆ ‘ಊರಿದ’ ಎಂಬ ಪದ ಹೊಳೆಯದ ಅಪ್ಪನನ್ನು ನಾನು ಕಂಡಿರಲಿಲ್ಲ. ಹೊಲದ ಮನೆತನದಲ್ಲಿ ಹುಟ್ಟಿದ, ಹಸು ಒದೆಯನ್ನೂ ಕೊಡುತ್ತದೆ ಎಂದು ಮಗಳನ್ನು ಗೋಳುಹೊಯ್ದುಕೊಂಡ ಮನುಷ್ಯನಿಗೆ ಬೀಜದ ಮುಂದೆ ಒಂದೇ ಪದ ನಿಂತಿತ್ತು. ಇನ್ನೂ ಓದಬೇಕಾದ ವಾಕ್ಯಗಳಿದ್ದವು. ಒಂದೊಂದನ್ನು ಓದಿ ಮೇಜು ತಟ್ಟಿದಾಗಲೂ ಹೊರಬೀಳುತ್ತಿದ್ದ ಎರಡನೆಯ ಉತ್ತರ, ಮೂರನೆಯ ಉತ್ತರ ಎಲ್ಲ ನನಗೆ ಅಪ್ಪ ಹೇಳದೆ ಬಿಟ್ಟ ಪದಗಳಾಗಿ ಕೇಳಿಸಿದವು. ಮುಗಿದ ಮೇಲೆ ಮೇಡಂ ಎಲ್ಲವನ್ನೂ ಹೊಸದಾಗಿ ಬರೆದು ತರಲು ಹೇಳಿದರು. ನಾನು ಹೂಂ ಎಂದದ್ದಷ್ಟೇ ನೆನಪು.

ಇಳಕಲ್‌ನಿಂದ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಪಕ್ಕದಲ್ಲಿ ಒಬ್ಬಾಕೆ ಸೀರೆಯ ಗಂಟು ಮಡಿಲಲ್ಲಿಟ್ಟುಕೊಂಡು ಹುನಗುಂದದವರೆಗೂ ಏನೇನೋ ಮಾತಾಡಿದಳು. ನಾನು ಒಂದೇ ಲೆಕ್ಕದಲ್ಲಿದ್ದೆ. ಅಪ್ಪ ಕೊನೆಯ ಸಲ ಎದುರು ಮಾತು ಆಡಿದ್ದು ಯಾವಾಗ? ಪಕ್ಕದ ಮನೆಯವರು ರಾಜಕೀಯ ಎತ್ತಿದಾಗ ಸುಮ್ಮನೆ ಕೂತಿದ್ದರಲ್ಲ. ಹಬ್ಬದಲ್ಲಿ ನನ್ನ ಗಂಡನನ್ನು ‘ಇವರು’ ಎಂದು ಕರೆದಿದ್ದರಲ್ಲ, ಹೆಸರು ಹಿಡಿಯಲಿಲ್ಲವಲ್ಲ. ವಯಸ್ಸಾಯಿತು, ಸ್ವಭಾವ ಮೆತ್ತಗಾಯಿತು ಎಂದು ನಾವೆಲ್ಲ ಒಳಗೊಳಗೇ ಸಮಾಧಾನಪಟ್ಟಿದ್ದೆವು. ಜಗಳಗಂಟ ಮುದುಕ ತಣ್ಣಗಾದರೆ ಯಾರಿಗೆ ಬೇಡ?

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ, “ಅಪ್ಪಾ, ರಾತ್ರಿ ಊಟಕ್ಕ ಏನ್ ಮಾಡ್ಲಿ?”

“ಏನರ ಮಾಡು.”

“ನಿಮಗೇನ್ ಬೇಕು, ಹೇಳ್ರಿ.”

ಅವರು ನನ್ನ ಮುಖ ನೋಡಿದರು. ಬಾಯಿ ಸ್ವಲ್ಪ ತೆರೆಯಿತು, ಮುಚ್ಚಿತು. “ದಿನಾ ಮಾಡತಿಯಲ್ಲ, ಅದನ್ನ ಮಾಡು,” ಎಂದು ನಕ್ಕರು. ಪದ ಸಿಗದೆ ಜಾಣತನದಿಂದ ಸುತ್ತು ಹಾಕಿ ಬಂದ ಆ ನಗೆ ನನಗೆ ಪರಿಚಯದ್ದು. ಉತ್ತರ ಬಾರದ ಮಕ್ಕಳು ತರಗತಿಯಲ್ಲಿ ಹಾಗೇ ನಗುತ್ತಾರೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮರುದಿನವೇ ದವಾಖಾನೆಗೆ ಹೋದೆವು ಎಂದು ಬರೆಯಲು ಆಸೆಯಿದೆ. ಹೋಗಲಿಲ್ಲ. ಗಂಡ, “ವಯಸ್ಸಾತು, ಮರವು ಇರೂದ,” ಎಂದರು, ನಾನು ಆ ಮಾತಿಗೆ ಜೋತುಬಿದ್ದೆ. ಹೆಸರಿಡದಿದ್ದರೆ ರೋಗ ಇರುವುದಿಲ್ಲ ಎಂಬಂತೆ ನಡೆದುಕೊಂಡೆ. ಅವರೊಡನೆ ಮಾತಾಡುವುದಕ್ಕೇ ಅಂಜಿದೆ. ಮಾತಾಡಿದರೆ ಎಲ್ಲಿ ತಡವರಿಸಿಬಿಡುತ್ತಾರೋ, ನನ್ನ ಕಿವಿಗೆ ಎಲ್ಲಿ ಕೇಳಿಸಿಬಿಡುತ್ತದೋ ಎಂದು ‘ಹೌದು’, ‘ಇಲ್ಲ’ದಲ್ಲಿ ಮುಗಿಯುವ ಪ್ರಶ್ನೆಗಳನ್ನಷ್ಟೇ ಕೇಳುತ್ತಿದ್ದೆ. ಚಹಾ ಬೇಕ್ರಿ? ಫ್ಯಾನ್ ಹಾಕ್ಲ್ಯಾ? ಒಂದು ಬೆಳಗ್ಗೆ ಅವರು ಪೂಜೆಗೆ ಕೂತವರು ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದು, ನನ್ನನ್ನು ಕರೆದು, “ಇದರ ಹೆಸರೇನು?” ಎಂದು ಕೇಳಿದರು. ಕೇಳಿದ ಧ್ವನಿ ಮಾಸ್ತರರದೇ, ನನ್ನನ್ನು ಪರೀಕ್ಷಿಸುವವರಂತೆ. ಕಣ್ಣು ಮಾತ್ರ ಹಾಗಿರಲಿಲ್ಲ. ಅವತ್ತು ರಜೆ ಹಾಕಿ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದೆ.

ನವನಗರದ ಆ ದವಾಖಾನೆಯ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿದರು. ಮೆದುಳಿನ ಎಡಭಾಗದಲ್ಲಿ ರಕ್ತ ಹರಿಯುವುದು ಯಾವಾಗಲೋ ನಿಂತು ಒಂದು ಸಣ್ಣ ಜಾಗ ಕೆಟ್ಟಿದೆ, ಕೈಕಾಲಿಗೆ ಏನೂ ಆಗದ್ದರಿಂದ ನಿಮಗೆ ಗೊತ್ತಾಗಿಲ್ಲ, ಪೆಟ್ಟು ಮಾತಿನ ಮೇಲೆ ಬಿದ್ದಿದೆ ಎಂದರು. “ಇಂಥಾದ್ದು ಮತ್ತ ಆಗಬಹುದು, ಆಗದನೂ ಇರಬಹುದು. ಗುಳಿಗಿ ತಪ್ಪಿಸಬ್ಯಾಡ್ರಿ,” ಎಂದು ಹೇಳಿ, ಮಾತಿನ ತರಬೇತಿ ಕೊಡುವ ಹುಡುಗಿಯ ಬಳಿ ಕಳಿಸಿದರು. ‘ಮತ್ತ ಆಗಬಹುದು’ ಎಂಬುದು ಬಿಟ್ಟರೆ ಅವರ ಮಾತಿನಲ್ಲಿ ನನಗೆ ಬೇರೇನೂ ಕೇಳಿಸಲಿಲ್ಲ.

ಆ ಹುಡುಗಿ ದಕ್ಷಿಣದ ಕಡೆಯವಳು, ಪುಸ್ತಕದಂತೆ ಮಾತಾಡುತ್ತಿದ್ದಳು. “ತಾತ, ನಿಮಗೆ ಗೊತ್ತಿರುವ ಪ್ರಾಣಿಗಳ ಹೆಸರು ಎಷ್ಟು ಸಾಧ್ಯವೋ ಅಷ್ಟು ಹೇಳಿ,” ಎಂದಳು.

“ಆಕಳ,” ಎಂದರು ಅಪ್ಪ. “ಎಮ್ಮಿ.” ಆಮೇಲೆ ಗೋಡೆಯ ಕಡೆ ನೋಡಿದರು. “ಆಕಳ,” ಎಂದರು ಮತ್ತೆ. ಬಾಯಿ ಒಣಗಿ ತುಟಿ ಸವರಿಕೊಂಡರು. ನನ್ನ ನಾಲಿಗೆಯ ತುದಿಯಲ್ಲಿ ನಾಯಿ, ಕುರಿ, ಮಂಗ ಎಲ್ಲ ಸಾಲಾಗಿ ನಿಂತಿದ್ದವು. ಹೇಳಿಕೊಡುವಂತಿರಲಿಲ್ಲ. ಇಡೀ ಶಾಲೆಯನ್ನು ನಡುಗಿಸಿದ ಮನುಷ್ಯ ನನ್ನ ಕಡೆ ತಿರುಗಿ, ಕಾಪಿ ಕೇಳುವ ಹುಡುಗನ ಹಾಗೆ ನೋಡಿದರು. ನಾನು ಕಣ್ಣು ಕೆಳಗೆ ಹಾಕಿದೆ.

ಆಮೇಲೆ ಅವಳು ವಾಕ್ಯಗಳನ್ನು ಅರ್ಧಕ್ಕೆ ನಿಲ್ಲಿಸಿ ಕೇಳತೊಡಗಿದಳು. “ಬಾಯಾರಿಕೆಯಾದರೆ ನಾವು ಕುಡಿಯುವುದು...”

“ನೀರು.”

“ಬೀಗ ತೆಗೆಯಲು ಬೇಕಾಗುವುದು...”

“ಕೀಲಿಕೈ.”

ಒಂದೂ ತಪ್ಪಲಿಲ್ಲ. ಅಪ್ಪನ ಬೆನ್ನು ನೆಟ್ಟಗಾಯಿತು. ನನಗೆ ಮಾತ್ರ ಅಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು, ಏಕೆಂದರೆ ಅವು ನನ್ನ ವಾಕ್ಯಗಳು. ನಾನು ಬರೆದವೇ ಅಲ್ಲ, ನಾನು ಬರೆಯುವ ಬಗೆಯವು. ಹೊರಗೆ ಬಂದಾಗ ಅವಳು ಬಿಡಿಸಿ ಹೇಳಿದಳು. “ವಾಕ್ಯ ಬಿಗಿಯಾಗಿದ್ದಷ್ಟೂ ಪದ ತಾನಾಗಿ ಬರುತ್ತದೆ ಮೇಡಂ, ವಾಕ್ಯವೇ ಅದನ್ನು ಎಳೆದುಕೊಂಡು ಬರುತ್ತದೆ. ತಾವೇ ಹತ್ತು ಪದಗಳಲ್ಲಿ ಒಂದನ್ನು ಹುಡುಕಿಕೊಳ್ಳಬೇಕಾದಾಗ ಅವರಿಗೆ ಕಷ್ಟ. ಮನೆಯಲ್ಲಿ ದಿನವೂ ಇಂಥ ವಾಕ್ಯಗಳನ್ನು ಹೇಳಿಸಿ. ಒಂದೇ ಉತ್ತರ ಬರುವಂಥವು. ನಿಮಗೆ ಬರೆಯಲು ಬರುತ್ತದೆಯೇ?”

ಬರುತ್ತದೆ ಎಂದೆ.

ಅಂದಿನಿಂದ ನಾನು ಬರೆದಷ್ಟು ಬಿಗಿಯಾದ ವಾಕ್ಯಗಳನ್ನು ಯಾವ ಪರೀಕ್ಷೆಗೂ ಬರೆದಿಲ್ಲ. ‘ರೊಟ್ಟಿ ಬಡಿಯಲು ಅವ್ವ ಜೋಳದ ____ ನಾದಿದಳು.’ ‘ಕೂದಲು ಬಾಚಲು ____ ಹುಡುಕಿದಳು.’ ಹಿಂದೆ ಸಡಿಲ ವಾಕ್ಯ ಬರೆದರೆ ಯಾವುದೋ ಮಗುವಿಗೆ ಅಂಕ ಹೋಗುತ್ತಿತ್ತು. ಈಗ ಸಡಿಲಾದರೆ ಅಪ್ಪನ ಮುಖ ಬೀಳುತ್ತಿತ್ತು. ಬೆಳಗ್ಗೆ ಬಸ್ಸಿಗೆ ಹೋಗುವ ಮೊದಲು ಒಂದಿಷ್ಟು, ಸಂಜೆ ಬಂದು ಒಂದಿಷ್ಟು. ನಿನ್ನೆ ಬಂದ ಪದ ಇವತ್ತು ಬರದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಓದುತ್ತಿದ್ದೆ. ಬಂದರೂ ನೆಮ್ಮದಿಯಿಲ್ಲ, ನಾಳೆಯ ಮಾತೇನು ಎಂದು. ಶಾಲೆಯಲ್ಲಿ ಫೋನ್ ಮೊಳಗಿದರೆ ಮನೆಯಿಂದಲೇ ಎಂದು ಪಾಠ ಅರ್ಧಕ್ಕೆ ಬಿಟ್ಟು ಓಡುತ್ತಿದ್ದೆ. ಇಳಕಲ್‌ಗೆ ಹೊಸ ವಾಕ್ಯಗಳನ್ನೂ ಬರೆದೆ. ಅವನ್ನು ಅಪ್ಪನ ಮುಂದೆ ಓದುವ ಧೈರ್ಯವಾಗದೆ, ಊಟದ ಬಿಡುವಿನಲ್ಲಿ ನಾಲ್ಕನೆಯ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು ಅವರ ಬಾಯಿಗೆ ಕೊಟ್ಟೆ. ಕೆಡವುವುದರಲ್ಲಿ ಅವರೂ ಕಡಿಮೆಯೇನಿಲ್ಲ. ಅವು ಕಾರ್ಯಾಗಾರದಲ್ಲಿ ನಿಂತವು, ಮೇಡಂ ಬೆನ್ನು ತಟ್ಟಿದರು. ಮನೆಗೆ ಬಂದು ಹೇಳಿದಾಗ ಅಪ್ಪ, “ಛೊಲೊ ಆತು,” ಎಂದರು. ಅಷ್ಟೇ ಅಂದರು.

ಶ್ರಾವಣ ಮುಗಿದ ಮೇಲೆ ಒಂದು ರಜೆಯ ದಿನ ಅವರನ್ನು ಬಾದಾಮಿ ಹತ್ತಿರದ ಮಹಾಕೂಟದ ಗುಡಿಗೆ ಕರೆದುಕೊಂಡು ಹೋದೆ. ಬಾದಾಮಿಯಲ್ಲಿದ್ದಾಗ ಅವರು ಶಾಲೆಯ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗುತ್ತಿದ್ದರು. ಕಂಡ ಜಾಗ, ಕಂಡ ಗಿಡಮರ ನೋಡಿದರೆ ನಾಲ್ಕು ಪದ ತಾವಾಗಿ ಬಂದಾವು ಎಂಬ ಆಸೆ ನನ್ನದು. ಗಂಡ ಕಾರು ನಿಲ್ಲಿಸಲು ನೆರಳು ಹುಡುಕಿಕೊಂಡು ಹೋದರು. ನಾವಿಬ್ಬರೂ ದರ್ಶನ ಮುಗಿಸಿ ಹೊಂಡದ ಮೆಟ್ಟಿಲ ಮೇಲೆ ಕೂತೆವು. ನೀರಿಗೆ ಹುಡುಗರು ದುಮುಕುತ್ತಿದ್ದರು. ಎದುರಿಗೆ ಯಾರೋ ಬುತ್ತಿ ಬಿಚ್ಚಿದ್ದರು. ಆಲದ ಮರದ ನೆರಳಿತ್ತು, ತಂಪಿತ್ತು. ಅಪ್ಪ ಬಹಳ ಹೊತ್ತು ನೀರನ್ನೇ ನೋಡಿದರು. ಅವರು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಿತು. ಹುಡುಕುವಾಗ ಅವರ ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತಿರುತ್ತದೆ.

“ಯವ್ವಾ,” ಎಂದರು. “ನನಗ ಭಾಳ...”

ನಿಂತರು. ಮತ್ತೆ ಎಳೆದುಕೊಂಡು, “...ಆಗಾಕತ್ತೈತಿ,” ಎಂದು ಮುಗಿಸಿದರು.

ನಡುವೆ ಖಾಲಿ ಇತ್ತು.

ಇಷ್ಟು ದಿನ ನಾನು ಬರೆಯುತ್ತಿದ್ದೆ, ಅವರು ತುಂಬುತ್ತಿದ್ದರು. ಈ ವಾಕ್ಯ ಅವರದು. ಇದಕ್ಕಿಂತ ಸಡಿಲ ವಾಕ್ಯ ಇನ್ನೊಂದಿಲ್ಲ, ಹತ್ತಲ್ಲ, ಇಪ್ಪತ್ತು ಪದ ಅಲ್ಲಿ ನಿಲ್ಲುತ್ತವೆ. ಆದರೂ ಸರಿಯುತ್ತರ ಒಂದೇ, ಅದು ಅವರೊಳಗೇ ಇದೆ, ಅವರಿಗೇ ಸಿಗುತ್ತಿಲ್ಲ.

“ಹಸಿವಿ ಆಗೇತೇನ್ರಿ?” ಎಂದೆ.

ತಲೆಯಾಡಿಸಿ ಅಲ್ಲ ಎಂದರು.

“ನೀರಡಿಕಿ? ಬಾಟ್ಲಿ ತಂದೇನಿ.”

ಅಲ್ಲ.

“ದಣಿವು? ಮನಿಗೆ ಹೋಗೂಣೇನ್ರಿ?”

ಅಲ್ಲ. ಅವರ ಹುಬ್ಬು ಗಂಟಿಕ್ಕಿತು. ನನ್ನ ಮೇಲೆ ಸಿಟ್ಟು ಬರುತ್ತಿತ್ತು, ಇಷ್ಟೂ ಹೊಳೆಯುವುದಿಲ್ಲವೇ ಎಂಬಂತೆ. ಥಂಡಿ? ಬ್ಯಾಸರ? ಅವ್ವನ ನೆನಪು? ನಾನು ಸಿಕ್ಕಿದ್ದನ್ನೆಲ್ಲ ಕೊಡುತ್ತಲೇ ಹೋದೆ, ಅವರು ಒಂದೊಂದನ್ನೇ ತಳ್ಳುತ್ತ ಹೋದರು.

ನನಗೆ ಹೊಳೆದಿತ್ತು. ಅವರು ‘ಭಾಳ’ ಎಂದು ನಿಂತಾಗಲೇ, ಆ ಕಣ್ಣು ನೋಡಿದಾಗಲೇ ಹೊಳೆದಿತ್ತು. ವಿಭೂತಿ ಗಟ್ಟಿ ಹಿಡಿದುಕೊಂಡು ಕೇಳಿದ ದಿನವೂ ಅವೇ ಕಣ್ಣು. ಬಾಯಿ ಬಿಟ್ಟು ಆ ಪದ ಹೇಳಲು ನನ್ನಿಂದಾಗದೆ ಹಸಿವು, ನೀರಡಿಕೆ ಎಂದು ಬೇರೆ ಪದಗಳನ್ನು ಅಡ್ಡ ಇಡುತ್ತಿದ್ದೆ. ಆದರೆ ಅವರು ಕಾಯುತ್ತಿದ್ದರು. ಒಂದು ಪದಕ್ಕಾಗಿ ನನ್ನ ಬಾಯಿಯನ್ನೇ ನೋಡುತ್ತ, ಹೆಬ್ಬೆರಳು ತಿಕ್ಕುತ್ತ ಕಾಯುತ್ತಿದ್ದರು.

“ಅಂಜಿಕಿ ಏನ್ರಿ, ಅಪ್ಪಾ?”

ಹುಬ್ಬಿನ ಗಂಟು ಬಿಚ್ಚಿತು. “ಹಾಂ,” ಎಂದರು. “ಅಂಜಿಕಿ. ಅದ. ಅಂಜಿಕಿ ಆಗಾಕತ್ತೈತಿ.” ಕಳೆದ ಸಾಮಾನು ಸಿಕ್ಕವರಂತೆ ಅವರು ಆ ಪದವನ್ನು ಇನ್ನೊಮ್ಮೆ ಹೇಳಿಕೊಂಡರು.

“ನನಗೂ ಆಗಾಕತ್ತೈತ್ರಿ,” ಎಂದೆ.

ಅಪ್ಪ ನನ್ನ ಕೈ ಹಿಡಿದುಕೊಂಡರು.